ಕೈಕೊಟ್ಟ ಫಿಲ್ಟರ್‌ನ ಕಥೆಯನ್ನೇ ಬರೆಯಿರಿ

‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ. ಸಮಾಜಕ್ಕೆ ಕೊಡುಗೆ ನೀಡುವುದು ನನ್ನ ಕನಸು. ನಿಮ್ಮ ವಿಶ್ವವಿಖ್ಯಾತ ಸಂಸ್ಥೆಯೇ ಅದಕ್ಕೆ ಸೂಕ್ತ ವೇದಿಕೆ.’ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸುವ ಎಸ್‌ಒಪಿಗಳಲ್ಲಿ, ಅಂದರೆ ಉನ್ನತ ವ್ಯಾಸಂಗದ ಉದ್ದೇಶವನ್ನು ಒಂದೆರಡು ಪುಟಗಳಲ್ಲಿ ಹೇಳುವ ಬರಹಗಳಲ್ಲಿ, ಇಂಥ ಮಾತುಗಳು ಧಾರಾಳ. ಇವು ಸುಳ್ಳೇನಲ್ಲ. ಆದರೆ ಹೆಸರೊಂದನ್ನು ಬದಲಿಸಿದರೆ ಇದೇ ಸಾಲುಗಳನ್ನು ಬೇರೊಬ್ಬರು ಬೇರೊಂದು ವಿಷಯಕ್ಕೂ ಕಳುಹಿಸಬಹುದು.

ಪಿಎಚ್‌ಡಿ ಅರ್ಜಿಗಳನ್ನು ಸಾಮಾನ್ಯವಾಗಿ ಓದುವವರು ಆಯಾ ವಿಭಾಗದ ಪ್ರಾಧ್ಯಾಪಕರೇ. ಅಂಕಪಟ್ಟಿ, ಶಿಫಾರಸು ಪತ್ರಗಳು ಅವರ ಮುಂದಿರುತ್ತವೆ. ಪ್ರಯೋಗ ತಿಂಗಳುಗಟ್ಟಲೆ ಕೈಕೊಟ್ಟರೂ ಈ ವಿದ್ಯಾರ್ಥಿ ಯಾವ ಪ್ರಶ್ನೆಯ ಬೆನ್ನು ಬಿಡುವುದಿಲ್ಲ ಎಂಬುದನ್ನು ಅವರು ಎಸ್‌ಒಪಿಯಲ್ಲಿ ಹುಡುಕುತ್ತಾರೆ.

ಪಾವಗಡ ಸೀಮೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹಳೆಯ ಪೀಡೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ‘ಗ್ರಾಮೀಣ ಜನರಿಗೆ ಶುದ್ಧ ನೀರು ಒದಗಿಸುವ ತುಡಿತ ನನ್ನದು’ ಎಂದು ಅವಳು ಬರೆದರೆ ಓದುಗರಿಗೆ ಏನೂ ಕಾಣುವುದಿಲ್ಲ.

ನಿಜವಾಗಿ ನಡೆದದ್ದು ಬೇರೆ. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಅವಳು ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಫಿಲ್ಟರ್ ಮಾಡಿದ್ದಳು. ಬಟ್ಟಿ ಇಳಿಸಿದ ನೀರಿಗೆ ಫ್ಲೋರೈಡ್ ಬೆರೆಸಿ ಹರಿಸಿದಾಗ ಅದು ಚೆನ್ನಾಗಿ ಕೆಲಸ ಮಾಡಿತು. ಊರಿನ ಕೊಳವೆಬಾವಿಯ ನೀರು ಹಾಕಿದರೆ ಬೇಗನೆ ಸೋತಿತು. ಹುಡುಕುತ್ತಾ ಹೋದಾಗ ನೀರಿನಲ್ಲಿದ್ದ ಬೈಕಾರ್ಬನೇಟ್ ಮೇಲೆ ಅನುಮಾನ ಬಂತು: ಅದು ಅಲ್ಯುಮಿನಾದ ಮೇಲಿನ ಜಾಗಕ್ಕಾಗಿ ಫ್ಲೋರೈಡ್ ಜೊತೆ ಪೈಪೋಟಿಗಿಳಿಯುತ್ತದೆ, ನೀರನ್ನು ಕ್ಷಾರೀಯವಾಗಿಯೂ ಇಡುತ್ತದೆ. ಅಲ್ಯುಮಿನಾ ಫ್ಲೋರೈಡನ್ನು ಚೆನ್ನಾಗಿ ಹಿಡಿಯುವುದು ತುಸು ಆಮ್ಲೀಯ ನೀರಿನಲ್ಲಿ. ಆದರೆ ಹಳ್ಳಿಮನೆಯಲ್ಲಿ ದಿನವೂ ನೀರಿಗೆ ಆಮ್ಲ ಬೆರೆಸುವವರು ಯಾರು? ಪ್ರಾಜೆಕ್ಟ್ ವರದಿ ಸಲ್ಲಿಸಿದ ಮೇಲೂ ಅವಳನ್ನು ಕಾಡುತ್ತಿರುವುದು ಈ ಪ್ರಶ್ನೆ.

ಎಸ್‌ಒಪಿಯ ತಿರುಳು ಇದೇ. ತುಡಿತ ಎಂಬ ಪದವನ್ನೇ ಬಳಸದಿದ್ದರೂ ತುಡಿತ ಕಾಣುತ್ತದೆ; ಅವಳಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಮುಂದೆ ಏನು ಕಲಿಯಬೇಕು ಎಂಬುದೂ ತಿಳಿಯುತ್ತದೆ. ಆಗ ವಿಶ್ವವಿದ್ಯಾಲಯವನ್ನು ಹೊಗಳಬೇಕಾಗಿಲ್ಲ. ಕ್ಷಾರೀಯ ನೀರಿನಲ್ಲೂ ಫ್ಲೋರೈಡ್ ಹಿಡಿಯುವ ವಸ್ತುಗಳ ಮೇಲೆ ಕೆಲಸ ಮಾಡುವ ಪ್ರಯೋಗಾಲಯ ಅಲ್ಲಿದ್ದರೆ, ಅವರ ಯಾವ ಪ್ರಬಂಧ ತನ್ನ ಪ್ರಶ್ನೆಗೆ ಎಲ್ಲಿ ತಾಗುತ್ತದೆ ಎಂದು ಎರಡು ಸಾಲು ಬರೆದರೆ ಸಾಕು.

ಬಡತನ, ಊರು, ಕುಟುಂಬದ ಕಥೆ ಎಷ್ಟು ಬೇಕು ಎಂಬ ಗೊಂದಲ ಹಲವರಿಗಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ವೈಯಕ್ತಿಕ ಹಿನ್ನೆಲೆಗೆ ಪ್ರತ್ಯೇಕ ಪ್ರಬಂಧವನ್ನೇ ಕೇಳುತ್ತಾರೆ. ಹಾಗಾಗಿ ಎಸ್‌ಒಪಿಯಲ್ಲಿ ಪಾವಗಡ ಬರಬೇಕಾದದ್ದು ಆ ನೀರಿನ ಗುಣ ಹೇಳುವಷ್ಟಕ್ಕೆ; ಉಳಿದ ಜಾಗವೆಲ್ಲ ಸೋತ ಫಿಲ್ಟರ್‌ನದು.