ಐದು ನಿಮಿಷಕ್ಕೊಮ್ಮೆ ಓದುವ ಮೀಟರು

ಪುಣೆಯ ಖರಾಡಿಯಲ್ಲಿರುವ ಇಯಾನ್ ಐಟಿ ಪಾರ್ಕಿನಂಥ ಕಟ್ಟಡಗಳಲ್ಲಿ ನೂರಾರು ಸ್ವಿಚ್‌ಗಳೂ ರೂಟರ್‌ಗಳೂ ಬೀರುಗಳೊಳಗೆ ಕೂತು ಕೆಲಸ ಮಾಡುತ್ತವೆ. ಯಾವ ಲಿಂಕ್ ತುಂಬಿದೆ, ಯಾವುದು ಖಾಲಿ ಎಂಬುದು ಮಾನಿಟರಿಂಗ್ ಸರ್ವರಿನ ಗ್ರಾಫಿನಲ್ಲಿ ಕಾಣುತ್ತದೆ. ಅದನ್ನು ಕಂಡವರಿಗೆ ಸ್ವಿಚ್ಚೇ ತನ್ನ ವೇಗವನ್ನು ಹೇಳುತ್ತಿದೆ ಎನಿಸುವುದು ಸಹಜ. ನಿಜದಲ್ಲಿ ಸ್ವಿಚ್ಚು ತಾನಾಗಿ ಲೆಕ್ಕ ಒಪ್ಪಿಸುವುದಿಲ್ಲ, ಎಣಿಸುತ್ತ ಹೋಗುತ್ತದೆ ಅಷ್ಟೆ. ವೇಗವನ್ನು ಲೆಕ್ಕ ಹಾಕುವುದು ಕೇಳುವವರ ಕೆಲಸ. ಎಸ್‌ಎನ್‌ಎಂಪಿ ಇಷ್ಟು ಕಾಲ ಉಳಿದದ್ದಕ್ಕೂ, ಅದರ ಗ್ರಾಫು ಕೆಲವೊಮ್ಮೆ ಸದ್ದಿಲ್ಲದೆ ಸುಳ್ಳು ಹೇಳುವುದಕ್ಕೂ ಈ ಹಂಚಿಕೆಯೇ ಕಾರಣ ಎಂಬುದು ನನ್ನ ವಾದ.

ಈ ಹಂಚಿಕೆ ಹುಟ್ಟಿದ್ದು ಅವಸರದಲ್ಲಿ. 1987ರಲ್ಲಿ ಜೆಫ್ರಿ ಕೇಸ್, ಜೇಮ್ಸ್ ಡೇವಿನ್, ಮಾರ್ಕ್ ಫೆಡೋರ್ ಮತ್ತು ಮಾರ್ಟಿನ್ ಶಾಫ್‌ಸ್ಟಾಲ್ ಗೇಟ್‌ವೇಗಳ ಮೇಲೆ ಕಣ್ಣಿಡಲು ಎಸ್‌ಜಿಎಂಪಿ ಎಂಬ ಸಣ್ಣ ಪ್ರೊಟೊಕಾಲ್ ಬರೆದರು. ಮರುವರ್ಷ ಇಂಟರ್ನೆಟ್ಟಿನ ಹಿರಿಯರ ಮಂಡಳಿ, ಇದನ್ನೇ ಸುಧಾರಿಸಿ ಸದ್ಯಕ್ಕೆ ಬಳಸೋಣ, ಮುಂದೆ ಓಎಸ್‌ಐನ ಭಾರೀ ವ್ಯವಸ್ಥೆ ಬರಲಿ ಎಂದಿತು. ಸದ್ಯಕ್ಕೆಂದು ಬಂದದ್ದೇ ಎಸ್‌ಎನ್‌ಎಂಪಿಯಾಗಿ ನಿಂತಿತು. ಆಗಿನ ರೂಟರ್‌ಗಳಲ್ಲಿ ಮೆಮೊರಿ ಕಡಿಮೆ, ಪ್ರೊಸೆಸರು ಪ್ಯಾಕೆಟ್ ಸಾಗಿಸುವುದರಲ್ಲೇ ಮುಳುಗಿರುತ್ತಿತ್ತು. ಹಾಗಾಗಿ ಉಪಕರಣದೊಳಗಿನ ಏಜೆಂಟನ್ನು ಆದಷ್ಟು ಹಗುರ ಮಾಡಿ, ಬುದ್ಧಿಯನ್ನೆಲ್ಲ ಮ್ಯಾನೇಜರಿಗೆ ಬಿಟ್ಟರು. ಇಬ್ಬರ ನಡುವೆ ಇರುವುದು ಎಂಐಬಿ. ಅದು ಡೇಟಾಬೇಸ್ ಅಲ್ಲ. ಯಾವ ಸಂಖ್ಯೆಗೆ ಯಾವ ಅರ್ಥ ಎಂದು ಇಬ್ಬರೂ ಒಪ್ಪಿಕೊಂಡ ಪಟ್ಟಿ. `1.3.6.1.2.1.2.2.1.10.3` ಎಂದರೆ 3ನೇ ಇಂಟರ್ಫೇಸಿಗೆ ಇದುವರೆಗೆ ಒಳಬಂದ ಒಟ್ಟು ಬೈಟ್‌ಗಳು. ಮ್ಯಾನೇಜರ್ ಈ ವಿಳಾಸವನ್ನು ಯುಡಿಪಿ 161ನೇ ಪೋರ್ಟಿಗೆ ಕಳಿಸಿದರೆ ಏಜೆಂಟ್ ಒಂದು ಸಂಖ್ಯೆ ಹಿಂದಿರುಗಿಸುತ್ತದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿ, ಎರಡರ ವ್ಯತ್ಯಾಸವನ್ನು 300 ಸೆಕೆಂಡಿನಿಂದ ಭಾಗಿಸಿದರೆ ವೇಗ. ಮನೆಯ ವಿದ್ಯುತ್ ಮೀಟರ್ ಓದಿ ಬಿಲ್ ಮಾಡುವ ಕ್ರಮವೂ ಇದೇ. ಒಂದು ತಿಂಗಳ ರೀಡಿಂಗ್ ತಪ್ಪಿದರೂ ಒಟ್ಟು ಯೂನಿಟ್ ಕಳೆದುಹೋಗುವುದಿಲ್ಲ. ಹಾಗೆಯೇ ಒಂದು ಉತ್ತರ ದಾರಿಯಲ್ಲಿ ಬಿದ್ದುಹೋದರೂ ಮುಂದಿನ ಉತ್ತರದಲ್ಲಿ ಆ ಬೈಟ್‌ಗಳು ಸೇರಿಯೇ ಬರುತ್ತವೆ.

ಆದರೆ ಮೀಟರಿನ ಅಂಕಿಗಳು ಮುಗಿದರೆ ಅದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮೊದಲ ಎಂಐಬಿಯ ಕೌಂಟರ್ 32 ಬಿಟ್‌ನದು, ಸುಮಾರು 429.5 ಕೋಟಿಗೆ ಅದು ತಿರುಗುತ್ತದೆ. ಅಂದಿನ 10 ಮೆಗಾಬಿಟ್ ಈಥರ್‌ನೆಟ್ ಪೂರ್ತಿ ತುಂಬಿ ಹರಿದರೂ ಅದಕ್ಕೆ 57 ನಿಮಿಷ ಬೇಕಿತ್ತು. ಒಂದು ಗಿಗಾಬಿಟ್ ಲಿಂಕಿನಲ್ಲಿ 34 ಸೆಕೆಂಡು ಸಾಕು. ಖರಾಡಿಯ ಕಚೇರಿಯೊಂದರ ಗಿಗಾಬಿಟ್ ಲಿಂಕಿನಲ್ಲಿ ಸತತ 200 ಮೆಗಾಬಿಟ್ ಹರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ ಎರಡೂವರೆ ಕೋಟಿ ಬೈಟ್, ಐದು ನಿಮಿಷಕ್ಕೆ 750 ಕೋಟಿ. ಕೌಂಟರ್ ಒಂದು ಸುತ್ತು ಪೂರ್ತಿ ಸುತ್ತಿ ಮುಂದೆ ಹೋಗಿರುತ್ತದೆ. ಮ್ಯಾನೇಜರಿಗೆ ಕಾಣುವುದು ಉಳಿದ 320.5 ಕೋಟಿ ಮಾತ್ರ. ಗ್ರಾಫು 85 ಮೆಗಾಬಿಟ್ ಎಂದು ತೋರಿಸುತ್ತದೆ. ಗಾಬರಿ ಹುಟ್ಟಿಸುವ ಅಂಕಿಯಲ್ಲ, ನಂಬುವಂಥದ್ದೇ; ಅಪಾಯ ಇರುವುದು ಅಲ್ಲೇ. ಗುರುತಿಸಲು ಒಂದು ದಾರಿ ಇದೆ. ಐದು ನಿಮಿಷದ ಪೋಲಿಂಗಿನಲ್ಲಿ 32 ಬಿಟ್ ಕೌಂಟರ್ ತೋರಿಸಬಲ್ಲ ಗರಿಷ್ಠ ವೇಗ ಸುಮಾರು 114 ಮೆಗಾಬಿಟ್. ಗಿಗಾಬಿಟ್ ಲಿಂಕಿನ ಗ್ರಾಫು ತಿಂಗಳುಗಟ್ಟಲೆ ಆ ಗೆರೆಯ ಕೆಳಗೇ ಏರಿಳಿಯುತ್ತಿದ್ದರೆ ಲಿಂಕ್ ಬಿಡುವಾಗಿದೆ ಎಂದುಕೊಳ್ಳುವ ಮೊದಲು ಕೌಂಟರನ್ನು ಅನುಮಾನಿಸಬೇಕು. 64 ಬಿಟ್‌ನ ಕೌಂಟರ್ 1990ರ ದಶಕದಲ್ಲೇ ಬಂದಿದೆ:

```
snmpget -v2c -c <community> <switch> IF-MIB::ifHCInOctets.3
```

ಇಲ್ಲಿ `-v2c` ಮುಖ್ಯ. ಮೊದಲ ಆವೃತ್ತಿಗೆ 64 ಬಿಟ್‌ನ ಕೌಂಟರೇ ಗೊತ್ತಿಲ್ಲ. ಹಳೆಯ ಟೆಂಪ್ಲೇಟ್ ನಕಲು ಮಾಡಿ `-v1`ರಲ್ಲಿ ಕೇಳಿದರೆ ಸ್ವಿಚ್ಚಿನೊಳಗೆ ಸರಿಯಾದ ಲೆಕ್ಕ ಇದ್ದರೂ ಅದು ಕೈಗೆ ಸಿಗುವುದಿಲ್ಲ. ಜೊತೆಗೆ `sysUpTime` ಕೂಡ ಓದಬೇಕು. ಸ್ವಿಚ್ ರೀಬೂಟ್ ಆದಾಗಲೂ ಕೌಂಟರ್ ಸೊನ್ನೆಗೆ ಬರುತ್ತದೆ; ಅದನ್ನು ಸುತ್ತು ಎಂದು ಭಾವಿಸಿದ ಮ್ಯಾನೇಜರ್ ಎಂದೂ ಹರಿಯದ ಟ್ರಾಫಿಕ್ಕಿಗೆ ದೊಡ್ಡ ಶಿಖರ ಬರೆದುಬಿಡುತ್ತದೆ.

ಹಾಗಾದರೆ ಈ ಕೇಳಾಟವೇ ಏಕೆ, ಉಪಕರಣವೇ ಹೇಳಲಿ ಎಂಬ ಆಕ್ಷೇಪವಿದೆ. ಎಸ್‌ಎನ್‌ಎಂಪಿಯಲ್ಲೇ ಟ್ರ್ಯಾಪ್ ಇದೆ: ಏಜೆಂಟ್ ತಾನಾಗಿ 162ನೇ ಪೋರ್ಟಿಗೆ ಸುದ್ದಿ ಕಳಿಸುತ್ತದೆ. ಆದರೆ ಟ್ರ್ಯಾಪ್ ತಲುಪಿತೇ ಎಂದು ಅದಕ್ಕೆ ತಿಳಿಯುವುದಿಲ್ಲ, ಕರೆಂಟು ಹೋದ ಸ್ವಿಚ್ಚಿಗೆ ಬಾಯಿಯೇ ಇರುವುದಿಲ್ಲ. ಕೇಳುವ ಪದ್ಧತಿಯಲ್ಲಿ ಮೌನವೂ ಒಂದು ಉತ್ತರ. ಎರಡನೆಯ ಆಕ್ಷೇಪ ಗಟ್ಟಿಯದು: ಹತ್ತು ಸೆಕೆಂಡು ಲಿಂಕ್ ಉಸಿರುಗಟ್ಟಿದರೂ ಐದು ನಿಮಿಷದ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಇದನ್ನು ಒಪ್ಪಲೇಬೇಕು. ಅಂಥ ಕ್ಷಣ ಹಿಡಿಯಬೇಕಾದ ಕಡೆ ಉಪಕರಣವೇ ಸೆಕೆಂಡು ಸೆಕೆಂಡಿಗೆ ಕಳಿಸುವ ಸ್ಟ್ರೀಮಿಂಗ್ ಟೆಲಿಮೆಟ್ರಿ ಬೇಕು. ಆದರೆ ಬೇರೆ ಬೇರೆ ಕಂಪನಿಗಳ ಹಳೆಯ ಸ್ವಿಚ್ಚು, ಯುಪಿಎಸ್, ಪ್ರಿಂಟರ್‌ಗಳೆಲ್ಲ ಇರುವ ಕಟ್ಟಡದಲ್ಲಿ ಎಲ್ಲಕ್ಕೂ ಅರ್ಥವಾಗುವ ಭಾಷೆ ಇನ್ನೂ ಎಸ್‌ಎನ್‌ಎಂಪಿಯೇ. ಹೊಸ ಲಿಂಕಿಗೆ ಹಣ ಕೇಳುವ ಮುನ್ನ, ಅಥವಾ ಇರುವುದೇ ಸಾಕು ಎಂದು ಫೈಲು ಮುಚ್ಚುವ ಮುನ್ನ, ನಿಮ್ಮ ಗ್ರಾಫು `ifInOctets` ಓದುತ್ತಿದೆಯೋ `ifHCInOctets` ಓದುತ್ತಿದೆಯೋ ಒಮ್ಮೆ ತೆಗೆದು ನೋಡಿ.