ಲ್ಯಾವೆಂಡರ್ ದಿಂಬಿಗಿರಲಿ, ಚರ್ಮಕ್ಕೆ ಎಚ್ಚರದಿಂದ

ನಿದ್ದೆ ಬಾರದವರು ಲ್ಯಾವೆಂಡರ್ ಎಣ್ಣೆಯನ್ನು ಎರಡು ಬಗೆಯಲ್ಲಿ ಬಳಸುತ್ತಾರೆ. ಒಂದೆರಡು ಹನಿಯನ್ನು ಬಟ್ಟೆಯ ಮೇಲೆ ಹಾಕಿ ದಿಂಬಿನ ಪಕ್ಕ ಇಟ್ಟುಕೊಳ್ಳುವುದು ಒಂದು. ಅದನ್ನೇ ಮಣಿಕಟ್ಟಿಗೆ ಸವರಿ, ಕಿರುಬೆರಳಿನ ಕಡೆಗೆ ಮಣಿಕಟ್ಟಿನ ಗೆರೆಯ ಮೇಲಿರುವ ತಗ್ಗನ್ನು ಹೆಬ್ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತುವುದು ಇನ್ನೊಂದು. ಈ ಜಾಗಕ್ಕೆ ಚೀನೀ ವೈದ್ಯದಲ್ಲಿ ‘ಶೆನ್‌ಮೆನ್’ ಎಂಬ ಹೆಸರಿದೆ.

ಇವೆರಡರಿಂದಲೂ ನಿದ್ದೆ ಸ್ವಲ್ಪ ಸುಧಾರಿಸಿತೆಂದು ವೃದ್ಧರ ಮೇಲೂ ಆಸ್ಪತ್ರೆಯ ರೋಗಿಗಳ ಮೇಲೂ ನಡೆದ ಹಲವು ಅಧ್ಯಯನಗಳು ಹೇಳಿವೆ. ಆದರೆ ಹೆಚ್ಚಿನವು ಚಿಕ್ಕವು, ಕೆಲವೇ ದಿನ ಅಥವಾ ವಾರ ನಡೆದವು. ‘ನಿದ್ದೆ ಹೇಗಿತ್ತು?’ ಎಂದು ಕೇಳಿ ಬರೆದುಕೊಂಡ ಉತ್ತರಗಳೇ ಅವುಗಳ ಮುಖ್ಯ ಅಳತೆ. ಇನ್ನೊಂದು ತೊಡಕಿದೆ. ಮಾತ್ರೆಯ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಮದ್ದು ಸಿಕ್ಕಿದೆ ಎಂಬುದನ್ನು ಮುಚ್ಚಿಡಬಹುದು, ಪರಿಮಳವನ್ನು ಮುಚ್ಚಿಡುವುದು ಹೇಗೆ? ನಂಬಿಕೆಯ ಪಾಲೆಷ್ಟು, ಎಣ್ಣೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಹಾಗಾಗಿ ತಿಂಗಳುಗಟ್ಟಲೆ ಕಾಡುವ ನಿದ್ರಾಹೀನತೆಗೆ ಇದೊಂದನ್ನೇ ನೆಚ್ಚಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಅಂಥವರಿಗೆ ವೈದ್ಯರು ಮೊದಲು ಸೂಚಿಸುವುದು ಮಲಗುವ ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ಚಿಕಿತ್ಸೆಯನ್ನು, ಅಂದರೆ ಸಿಬಿಟಿಯನ್ನು.

ಚರ್ಮದ ವಿಷಯ ಹೆಚ್ಚು ಮುಖ್ಯ. ಈ ಎಣ್ಣೆಯಲ್ಲಿ ಲಿನಲೂಲ್ ಎಂಬ ವಸ್ತು ಧಾರಾಳವಾಗಿದೆ. ಹೊಸದಾಗಿದ್ದಾಗ ಅದರಿಂದ ಅಲರ್ಜಿ ಕಡಿಮೆ. ಮುಚ್ಚಳ ತೆರೆದು ಗಾಳಿ ತಾಗುತ್ತ ಹೋದಂತೆ ಅದು ಆಕ್ಸಿಜನ್ನಿನೊಡನೆ ಸೇರಿ, ಅಲರ್ಜಿ ತರುವ ಬೇರೆ ವಸ್ತುಗಳಾಗಿ ಮಾರ್ಪಡುತ್ತದೆ. ಹಳೆಯ ಶೀಸೆ ಹೆಚ್ಚು ಅಪಾಯಕಾರಿ ಎನ್ನುವುದು ಇದಕ್ಕೇ.

ಈ ಅಲರ್ಜಿ ಕೂಡಲೇ ಕಾಣಿಸುವುದೂ ಇಲ್ಲ. ಸೋಮವಾರ ರಾತ್ರಿ ಹಚ್ಚಿದವರಿಗೆ ಬುಧವಾರ ಮಣಿಕಟ್ಟು ಕೆಂಪಾಗಿ, ತುರಿಸಿ, ಸಣ್ಣ ನೀರ್ಗುಳ್ಳೆ ಏಳಬಹುದು. ಆಗ ಬಳೆಯ ಮೇಲೋ ವಾಚಿನ ಪಟ್ಟಿಯ ಮೇಲೋ ಅನುಮಾನ ಪಟ್ಟು, ಎಣ್ಣೆಯನ್ನು ಮತ್ತೆ ಹಚ್ಚುತ್ತಾರೆ. ಒಮ್ಮೆ ದೇಹಕ್ಕೆ ಈ ಅಲರ್ಜಿ ಹತ್ತಿದರೆ ಲಿನಲೂಲ್ ಇರುವ ಸೋಪು, ಶ್ಯಾಂಪೂಗಳೂ ಕಾಡಬಹುದು.

ಹಚ್ಚಲೇಬೇಕೆಂದರೆ ಎರಡು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸಾಕು. ಅದು ಸುಮಾರು 1% ಆಗುತ್ತದೆ. ಮೊದಲು ಮುಂಗೈಯ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಸೋಪಿನಿಂದ ತೊಳೆದು ಬಿಟ್ಟುಬಿಡಿ. ಎಸ್ಜಿಮಾ ಇರುವ, ಬಿರುಕು ಬಿಟ್ಟ ಚರ್ಮಕ್ಕೆ ಸೋಂಕಿಸಲೇಬೇಡಿ. ಒತ್ತುವುದಕ್ಕೆ ಎಣ್ಣೆ ಬೇಕಾಗಿಯೂ ಇಲ್ಲ, ಬರಿ ಹೆಬ್ಬೆರಳು ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಜೋರಾಗಿ ಒತ್ತಿದರೆ ಚರ್ಮದಡಿ ರಕ್ತ ಕಟ್ಟಬಹುದು.

ಆಸ್ತಮಾ ಇರುವವರಿಗೆ ಪರಿಮಳವೇ ಕೆಮ್ಮು, ಉಬ್ಬಸ ತರಬಹುದು. ಹಾಗಾದರೆ ಬಟ್ಟೆಯನ್ನು ಹೊರಗಿಟ್ಟು ಕಿಟಕಿ ತೆರೆಯಿರಿ. ಶೀಸೆ ಮಕ್ಕಳ ಕೈಗೆ ಸಿಗದಿರಲಿ. ಮಗು ಕುಡಿದರೆ ವಾಂತಿ ಮಾಡಿಸಲು ಹೋಗದೆ, ಶೀಸೆಯನ್ನೂ ಹಿಡಿದು ಆಸ್ಪತ್ರೆಗೆ ಓಡಿ.