ಹಾಲು ತರೋಕೂ ಹೆಲ್ಮೆಟ್: ಒಂದು ಪೋಸ್ಟರ್ ಸಾಲು ರೂಪುಗೊಳ್ಳುವ ಬಗೆ

ದ್ವಿಚಕ್ರ ವಾಹನ ಸವಾರರಿಗಾಗಿ ಬರೆಯುವ ಪೋಸ್ಟರ್ ಸಾಲಿಗೆ ಇರುವ ಕೆಲಸ ಒಂದೇ. ಹೆಲ್ಮೆಟ್ ಮನೆಯಲ್ಲೋ ಟ್ಯಾಂಕಿನ ಮೇಲೋ ಕನ್ನಡಿಗೆ ನೇತುಬಿದ್ದೋ ಇರುವ ಹೊತ್ತಿನಲ್ಲಿ ಅದನ್ನು ತಲೆಗೆ ಏರಿಸುವುದು. ಕರ್ನಾಟಕದ ರಸ್ತೆಬದಿಯಲ್ಲಿ ಹೆಚ್ಚಾಗಿ ಕಾಣುವ ‘ಹೆಲ್ಮೆಟ್ ಧರಿಸಿ, ಜೀವ ಉಳಿಸಿ’ ಎಂಬ ಸಾಲು ಈ ಕೆಲಸ ಮಾಡುವುದು ಅಪರೂಪ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಓದುವವನಿಗೆ ಗೊತ್ತಿಲ್ಲದ್ದೂ ಏನೂ ಇಲ್ಲ. ಹೆಲ್ಮೆಟ್ ಜೀವ ಉಳಿಸುವುದಿಲ್ಲ ಎಂದು ವಾದಿಸುವ ಸವಾರ ಸಿಗುವುದು ಕಷ್ಟ. ಅವನು ಹೇಳುವುದೇ ಬೇರೆ: ‘ಇಲ್ಲೇ ಪಕ್ಕದ ಬೀದಿಗೆ’, ‘ನಿಧಾನವಾಗಿ ಹೋಗ್ತೀನಿ’, ‘ನಾನು ಹಿಂದೆ ತಾನೆ ಕೂತಿರೋದು’. ಕೆಲಸಕ್ಕೆ ಬರುವ ಸಾಲು ಇಂಥ ಒಂದು ನೆಪಕ್ಕೆ ಉತ್ತರವಾಗಿರುತ್ತದೆ, ಮತ್ತು ಆ ನೆಪ ಹುಟ್ಟುವ ಜಾಗದಲ್ಲೇ ಅಂಟಿಸಿರುತ್ತದೆ.

ಆದ್ದರಿಂದ ಬರೆಯುವವರಿಗೆ ಮೊದಲು ಬೇಕಾದದ್ದು ಪ್ರಾಸವಲ್ಲ, ನೆಪಗಳ ಪಟ್ಟಿ. ಕಾಲೇಜಿನ ಪಾರ್ಕಿಂಗಿನಲ್ಲೋ ಕಾರ್ಖಾನೆಯ ಗೇಟಿನಲ್ಲೋ ನಿಂತು, ಬರಿತಲೆಯಲ್ಲಿ ಬಂದವರನ್ನು ಗದರದೆ ಮಾತನಾಡಿಸಿದರೆ ಅದು ತಾನಾಗಿ ಸಿಗುತ್ತದೆ. ಅದರಲ್ಲಿ ‘ಹತ್ತಿರ’ ಮತ್ತು ‘ನಿಧಾನ’ ಎಂಬ ಎರಡನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಎರಡರ ಹಿಂದೆಯೂ ಇರುವ ತಿಳಿವಳಿಕೆ ಒಂದೇ: ವೇಗವಾಗಿ ಹೋದರೆ ಮಾತ್ರ ತಲೆಗೆ ಅಪಾಯ.

ಸ್ಕೂಟರಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತಿರುವಾಗಲೇ ಗಾಡಿ ವಾಲಿ ಬಿದ್ದರೂ, ಆ ಎತ್ತರದಿಂದ ತಡೆಯಿಲ್ಲದೆ ಕೆಳಗೆ ಬರುವ ತಲೆ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್ ವೇಗದಲ್ಲಿ ರಸ್ತೆಗೆ ಬಡಿಯುತ್ತದೆ. ಗಾಡಿಯ ವೇಗ ಇದಕ್ಕೆ ಹೊರತಾದದ್ದು. ಕಂಬಕ್ಕೋ ಎದುರಿನ ವಾಹನಕ್ಕೋ ಗುದ್ದಿದರೆ ಅದೂ ಸೇರುತ್ತದೆ. ಗಟ್ಟಿ ನೆಲಕ್ಕೆ ತಾಗಿದ ಬರಿತಲೆ ಕೆಲವೇ ಮಿಲಿಮೀಟರಿನಷ್ಟು ದೂರದಲ್ಲಿ ನಿಂತುಬಿಡುತ್ತದೆ. ಹೆಲ್ಮೆಟ್ಟಿನ ಹೊರಚಿಪ್ಪಿನ ಕೆಳಗಿರುವ, ನೋಡಲು ಥರ್ಮಾಕೋಲಿನಂತಿರುವ ಪದರ ಪೆಟ್ಟಿಗೆ ನಜ್ಜುಗುಜ್ಜಾಗುತ್ತ ಆ ದೂರವನ್ನು ಒಂದೆರಡು ಸೆಂಟಿಮೀಟರಿಗೆ ಹಿಗ್ಗಿಸುತ್ತದೆ. ಮೂರು ಮಿಲಿಮೀಟರಿನಲ್ಲಿ ನಿಲ್ಲಬೇಕಿದ್ದ ತಲೆ ಎರಡು ಸೆಂಟಿಮೀಟರಿನಲ್ಲಿ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಬಲ ಏಳನೆಯ ಒಂದು ಪಾಲಿಗೆ ಇಳಿಯುತ್ತದೆ. ಹೆಲ್ಮೆಟ್ ಮಾಡುವುದು ಇಷ್ಟೇ, ಆದರೆ ಇದು ಮನೆಯ ಮುಂದಿನ ಬೀದಿಗೂ ಹೆದ್ದಾರಿಗೂ ಸಮನಾಗಿ ಅನ್ವಯಿಸುತ್ತದೆ.

ಇದನ್ನೆಲ್ಲ ಪೋಸ್ಟರಿನಲ್ಲಿ ಬರೆಯಲಾಗದು. ಆದರೆ ಯಾವ ಸಾಲು ಸುಳ್ಳು, ಯಾವುದು ನಿಜ ಎಂದು ತೂಗಲು ಬರೆಯುವವರಿಗೆ ಗೊತ್ತಿರಬೇಕು. ‘ಹೆಲ್ಮೆಟ್ ಇದ್ದರೆ ಸಾವಿಲ್ಲ’ ಎಂಬುದು ಸುಳ್ಳು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ಸಂಸ್ಥೆಯ ವರದಿಯ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ಶೇ. 42ರಷ್ಟು, ತಲೆಯ ಗಾಯದ ಸಂಭವವನ್ನು ಶೇ. 69ರಷ್ಟು ತಗ್ಗಿಸುತ್ತದೆ. ಇದು ದೊಡ್ಡ ಲಾಭವೇ, ಆದರೆ ಪೂರ್ಣ ರಕ್ಷಣೆಯಲ್ಲ. ಹೆಲ್ಮೆಟ್ ಹಾಕಿಯೂ ಸತ್ತ ಒಬ್ಬ ಪರಿಚಿತ ಎಲ್ಲ ಊರಲ್ಲೂ ಇರುತ್ತಾನೆ. ಅತಿಯಾಗಿ ಹೇಳಿದ ಪೋಸ್ಟರನ್ನು ಅವನೊಬ್ಬನ ನೆನಪೇ ಸೋಲಿಸಿಬಿಡುತ್ತದೆ.

ಈಗ ‘ಹತ್ತಿರ’ದ ನೆಪಕ್ಕೆ ಒಂದು ಸಾಲು ಬರೆಯುವುದನ್ನು ಹಂತಹಂತವಾಗಿ ನೋಡಬಹುದು. ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ: ‘ಹತ್ತಿರದ ಪ್ರಯಾಣಕ್ಕೂ ಹೆಲ್ಮೆಟ್ ಧಾರಣೆ ಕಡ್ಡಾಯ’. ಇದು ಸುತ್ತೋಲೆಯ ಭಾಷೆ. ಬೀದಿಯ ತುದಿಗೆ ಹೋಗುವುದನ್ನು ಯಾರೂ ಪ್ರಯಾಣ ಎನ್ನುವುದಿಲ್ಲ, ಹಾಗಾಗಿ ಓದಿದವನಿಗೆ ಇದು ತನ್ನ ಮಾತು ಅನ್ನಿಸುವುದೇ ಇಲ್ಲ. ಎರಡನೆಯ ಕರಡಿನಲ್ಲಿ ‘ಹತ್ತಿರ’ ಎಂಬ ಅಮೂರ್ತವನ್ನು ಬಿಟ್ಟು ನಿಜವಾದ ಒಂದು ಓಡಾಟವನ್ನು ಹಿಡಿಯಬೇಕು. ಅಂಗಡಿ, ಜಿಮ್, ಮಗಳ ಟ್ಯೂಷನ್, ಹಾಲಿನ ಬೂತ್. ‘ಹಾಲು ತರಲು ಹೋಗುವಾಗಲೂ ಹೆಲ್ಮೆಟ್ ಹಾಕಿಕೊಳ್ಳಿ’ ಎಂದಾಗ ಚಿತ್ರ ಕಣ್ಣಿಗೆ ಕಟ್ಟಿತು, ಸಾಲು ಮಾತ್ರ ಉದ್ದವಾಯಿತು. ಮೂರನೆಯದರಲ್ಲಿ ಮಾತನಾಡುವ ರೂಪಕ್ಕೇ ಇಳಿದರೆ:

ಹಾಲು ತರೋಕೂ ಹೆಲ್ಮೆಟ್ ಹಾಕಿ.

ನಾಲ್ಕೇ ಪದ, ಅದರಲ್ಲಿ ಮೂರರ ಆರಂಭ ಹಕಾರ. ಗಾದೆಗಳು ನಾಲಗೆಗೆ ಅಂಟುವುದೂ ಇಂಥ ಅನುಪ್ರಾಸದಿಂದಲೇ. ಪೋಸ್ಟರ್ ಬರೆಯುವವರು ಸಾಮಾನ್ಯವಾಗಿ ಹುಡುಕುವುದು ಅಂತ್ಯಪ್ರಾಸವನ್ನು, ಅದಕ್ಕಾಗಿ ‘ಧರಿಸಿ, ಉಳಿಸಿ, ಪಾಲಿಸಿ, ಬೆಳೆಸಿ’ ಎಂಬ ಸವೆದ ದಾರಿಗೇ ಬೀಳುತ್ತಾರೆ. ಕನ್ನಡ ಕಾವ್ಯ ನೂರಾರು ವರ್ಷ ನೆಚ್ಚಿಕೊಂಡದ್ದು ಎರಡನೆಯ ಅಕ್ಷರದ ಪ್ರಾಸವನ್ನು. ಅದು ಪೋಸ್ಟರಿಗೂ ಒದಗುತ್ತದೆ. ಪಟ್ಟಿ ಬಿಗಿಯದೆ ಹೆಲ್ಮೆಟ್ಟನ್ನು ಟೋಪಿಯಂತೆ ತಲೆಗೆ ಕವುಚಿಕೊಂಡವರಿಗಾಗಿ ‘ಇಟ್ಟರೆ ಸಾಲದು, ಪಟ್ಟಿ ಕಟ್ಟಿ’ ಎಂದರೆ ಟ್ಟಕಾರ ಮೂರು ಬಾರಿ ಬಡಿಯುತ್ತದೆ, ಹೇಳಬೇಕಾದದ್ದೂ ಮುಗಿಯುತ್ತದೆ. ಗದ್ದದ ಪಟ್ಟಿ ಕಟ್ಟದ ಹೆಲ್ಮೆಟ್, ತಲೆ ನೆಲ ಮುಟ್ಟುವ ಮೊದಲೇ ಕಳಚಿ ಹಾರಬಹುದು. ಪೊಲೀಸರ ಕಣ್ಣು ತಪ್ಪಿಸಲು ಅದು ಸಾಕು, ಪೆಟ್ಟು ತಡೆಯಲು ಸಾಲದು.

ಹಾಲಿನ ಸಾಲು ಎಲ್ಲ ಕಡೆಗೂ ಹಾಗೆಯೇ ಹೊಂದುವುದಿಲ್ಲ. ‘ತರೋಕೂ’ ಎಂಬುದು ಮೈಸೂರು, ಬೆಂಗಳೂರು ಕಡೆಯ ಮಾತು. ಧಾರವಾಡದ ಗೋಡೆಯ ಮೇಲೆ ‘ಹಾಲು ತರಾಕ ಹೊಂಟ್ರೂ ಹೆಲ್ಮೆಟ್ ಹಾಕ್ಕೊಳ್ರಿ’ ಎಂದಿದ್ದರೇ ಸರಿ. ಎರಡರಲ್ಲೂ ಬಹುವಚನ ಮಾತ್ರ ಬಿಡಬಾರದು. ‘ಹಾಕು’ ಎಂದು ಏಕವಚನದಲ್ಲಿ ಅಪ್ಪಣೆ ಕೊಡುವ ಗೋಡೆಯನ್ನು ನಡುವಯಸ್ಸಿನ ಸವಾರ ಓದಿಯೂ ಓದದಂತೆ ಮುಂದೆ ಹೋಗುತ್ತಾನೆ.

ಹೆದರಿಸುವ ಸಾಲುಗಳದು ಬೇರೆಯೇ ಕಥೆ. ತಲೆಬುರುಡೆ, ರಕ್ತ, ಪಾಶ ಹಿಡಿದ ಯಮ ನಮ್ಮ ಪ್ರಚಾರಗಳ ಹಳೆಯ ಸಾಮಗ್ರಿ. 2018ರಲ್ಲಿ ಬೆಂಗಳೂರಿನ ಸಂಚಾರ ಪೊಲೀಸರು ಯಮನ ವೇಷದ ಕಲಾವಿದನನ್ನೇ ರಸ್ತೆಗಿಳಿಸಿ, ಬರಿತಲೆಯ ಸವಾರರಿಗೆ ಗುಲಾಬಿ ಕೊಡಿಸಿದ್ದರು. ಅದರಲ್ಲಿ ತಮಾಷೆಯಿತ್ತು, ಜನ ನಿಂತು ನೋಡಿದರು. ಗೋಡೆಯ ಮೇಲಿನ ಯಮನಿಗೆ ಆ ಅನುಕೂಲವಿಲ್ಲ. ಭಯ ಎಷ್ಟು ದೂರ ಕೊಂಡೊಯ್ಯುತ್ತದೆ ಎಂಬುದಕ್ಕೆ 1965ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ಇಂದಿಗೂ ಉದಾಹರಣೆ. ಹೊವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳುವಂತೆ ವಿದ್ಯಾರ್ಥಿಗಳಿಗೆ ಕಿರುಹೊತ್ತಗೆ ಕೊಟ್ಟರು. ಕೆಲವದರಲ್ಲಿ ಭೀಕರ ವಿವರಗಳಿದ್ದವು, ಕೆಲವದರಲ್ಲಿ ಸೌಮ್ಯವಾದವು. ಭೀಕರವಾದದ್ದನ್ನು ಓದಿದವರು ಹೆಚ್ಚು ಹೆದರಿದರು, ಹಾಕಿಸಿಕೊಳ್ಳುತ್ತೇವೆ ಎಂದೂ ಹೆಚ್ಚಾಗಿ ಹೇಳಿದರು. ನಿಜವಾಗಿ ಹೋಗಿ ಹಾಕಿಸಿಕೊಂಡವರ ಸಂಖ್ಯೆಯಲ್ಲಿ ಮಾತ್ರ ಆ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ತಂದದ್ದು ಆರೋಗ್ಯ ಕೇಂದ್ರದ ನಕ್ಷೆ ಮತ್ತು ಯಾವಾಗ ಹೋಗುವಿರಿ ಎಂದು ಯೋಚಿಸಿಕೊಳ್ಳುವಂತೆ ಮಾಡಿದ ಸೂಚನೆ. ಅವು ಸಿಕ್ಕವರಲ್ಲಿ ಶೇ. 28ರಷ್ಟು ಮಂದಿ ಹೋದರು, ಸಿಗದವರಲ್ಲಿ ಶೇ. 3ರಷ್ಟು.

ಹೆಲ್ಮೆಟ್ಟಿನ ವಿಷಯದಲ್ಲಿ ಆ ನಕ್ಷೆಗೆ ಸಮನಾದದ್ದು ಗಾಡಿ ಹೊರಡುವ ಕ್ಷಣವನ್ನೇ ಹಿಡಿಯುವ ಸಾಲು. ಪಾರ್ಕಿಂಗಿನ ಕಂಬಕ್ಕೆ ‘ಮೊದಲು ಟಕ್, ಆಮೇಲೆ ಕಿಕ್’ ಎಂದು ಬರೆದರೆ ಅದು ಸಾವನ್ನೂ ನೆನಪಿಸುವುದಿಲ್ಲ, ಕಾನೂನನ್ನೂ ಹೇಳುವುದಿಲ್ಲ. ಪಟ್ಟಿಯ ಕೊಂಡಿ ಕೂಡುವ ಸದ್ದನ್ನು ಗಾಡಿ ಶುರುಮಾಡುವ ಅಭ್ಯಾಸಕ್ಕೆ ಗಂಟು ಹಾಕುತ್ತದೆ, ಅಷ್ಟೆ. ಈಗ ಬಹುತೇಕ ಗಾಡಿಗಳು ಗುಂಡಿ ಒತ್ತಿದರೆ ಶುರುವಾಗುತ್ತವೆ ಎಂಬ ಆಕ್ಷೇಪ ಸರಿ. ಕಿಕ್ ಎಂಬ ಮಾತಿನ್ನೂ ಹಳತಾಗಿಲ್ಲ ಎಂಬುದೂ ಸರಿ.

ದಂಡ ಹೇಳುವ ಸಾಲಿನಲ್ಲಿ ಎರಡು ತೊಡಕುಗಳಿವೆ. ದಂಡಕ್ಕಾಗಿ ಹಾಕಿದ ಹೆಲ್ಮೆಟ್, ಪೊಲೀಸರು ನಿಲ್ಲುವ ವೃತ್ತ ದಾಟಿದೊಡನೆ ಮೊಣಕೈಗೆ ಇಳಿಯುತ್ತದೆ. ಇನ್ನೊಂದು, ಮೊತ್ತ ಬದಲಾಗುತ್ತಿರುತ್ತದೆ: 2019ರ ಕೇಂದ್ರ ತಿದ್ದುಪಡಿ 1,000 ರೂಪಾಯಿ ಎಂದಿತು, ಕರ್ನಾಟಕ ಅದೇ ಸೆಪ್ಟೆಂಬರಿನಲ್ಲಿ ಅದನ್ನು 500ಕ್ಕೆ ಇಳಿಸಿತು. ತಪ್ಪು ಮೊತ್ತದ ಪೋಸ್ಟರ್ ವರ್ಷಗಟ್ಟಲೆ ಗೋಡೆಯ ಮೇಲೆ ಉಳಿದುಬಿಡುತ್ತದೆ. ಆದರೆ ಗೊತ್ತಿಲ್ಲದ ನಿಯಮವನ್ನು ತಿಳಿಸುವ ಸಾಲಿಗೆ ಬೆಲೆಯಿದೆ. ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಹಾಗಿದ್ದೂ ಹಿಂದೆ ಕೂತವರ ತಲೆ ಇಂದಿಗೂ ಬರಿದಾಗಿರುವುದು ಸಾಮಾನ್ಯ. ದೇಶದಲ್ಲಿ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ ಸುಮಾರು 50 ಸಾವಿರ ಮಂದಿಯಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತಿದ್ದವರು. ಅವರಿಗಾಗಿ ‘ಹಿಂದಿನ ಸೀಟಿಗೆ ಬೇರೆ ರಸ್ತೆ ಇಲ್ಲ’ ಎನ್ನಬಹುದು. ಶಾಲೆಯ ಗೇಟಿಗೆ ‘ಮಗುವಿಗೂ ಒಂದು, ಅದರ ಅಳತೆಯದು’ ಎಂಬುದು ಹೊಂದುತ್ತದೆ. ನಾಲ್ಕು ವರ್ಷ ದಾಟಿದ ಮಗುವಿಗೆ ಕಾನೂನಿನಲ್ಲೂ ವಿನಾಯಿತಿ ಇಲ್ಲ, ಅಪ್ಪನ ಹೆಲ್ಮೆಟ್ ಅದರ ತಲೆಯಲ್ಲಿ ನಿಲ್ಲುವುದೂ ಇಲ್ಲ. ಗ್ಯಾರೇಜಿನ ಗೋಡೆಗೆ ‘ಪೆಟ್ಟು ತಿಂದ ಹೆಲ್ಮೆಟ್ ಕೆಲಸ ಮುಗಿಸಿದೆ’ ಎಂದು ಬರೆಯಬಹುದು, ಏಕೆಂದರೆ ಒಮ್ಮೆ ನಜ್ಜಿದ ಒಳಪದರ ಮತ್ತೆ ಉಬ್ಬುವುದಿಲ್ಲ, ಹೊರಚಿಪ್ಪು ಎಷ್ಟೇ ಹೊಳೆಯುತ್ತಿದ್ದರೂ.

ಸಾಲಿನ ಉದ್ದವನ್ನು ತೀರ್ಮಾನಿಸುವುದು ಜಾಗ. ಗಂಟೆಗೆ 40 ಕಿಲೋಮೀಟರಿನಲ್ಲಿ ಸಾಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಅಕ್ಷರಗಳು 40 ಮೀಟರ್ ದೂರದಿಂದ ಓದಲು ಸಿಕ್ಕರೂ ಸವಾರನಿಗೆ ಇರುವುದು ನಾಲ್ಕು ಸೆಕೆಂಡಿಗಿಂತ ಕಡಿಮೆ, ಅದರಲ್ಲೂ ಕಣ್ಣು ಹೆಚ್ಚು ಹೊತ್ತು ಇರಬೇಕಾದದ್ದು ರಸ್ತೆಯ ಮೇಲೆ. ನಾಲ್ಕೈದು ಪದಗಳಾಚೆ ಹೋದ ರಸ್ತೆಬದಿಯ ಸಾಲನ್ನು ಯಾರೂ ಪೂರ್ತಿ ಓದುವುದಿಲ್ಲ. ಸಿಗ್ನಲ್ಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಸವಾರ ನಿಂತಿರುತ್ತಾನಾದ್ದರಿಂದ ಎರಡು ಸಾಲಿಗೆ ಎಡೆಯುಂಟು. ಎಲ್ಲಕ್ಕಿಂತ ಒಳ್ಳೆಯ ಜಾಗ ಅಪಾರ್ಟ್‌ಮೆಂಟಿನ ಲಿಫ್ಟು ಅಥವಾ ಮನೆಯಿಂದ ಹೊರಡುವ ಬಾಗಿಲು. ಅಲ್ಲಿಂದ ಹಿಂದಿರುಗಿ ಹೆಲ್ಮೆಟ್ ತರುವುದು ಇನ್ನೂ ಸಾಧ್ಯ. ಹೆದ್ದಾರಿಯಲ್ಲಿ ಅಂಥ ಪೋಸ್ಟರ್ ಓದಿದವನು ಮಾಡಬಹುದಾದದ್ದು ಪಶ್ಚಾತ್ತಾಪ ಮಾತ್ರ.

ಮುದ್ರಣದಲ್ಲಿ ಕನ್ನಡಕ್ಕೆ ಒಂದು ಕಷ್ಟವಿದೆ. ಒತ್ತಕ್ಷರ ಮೂಲಾಕ್ಷರಕ್ಕಿಂತ ಚಿಕ್ಕದು, ಸಾಲಿನ ಕೆಳಗೆ ಕೂರುತ್ತದೆ. ಎರಡು ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನದರ ತಲೆಕಟ್ಟಿಗೆ ತಾಗಿ ಎರಡೂ ಕಲಸಿಹೋಗುತ್ತವೆ. ‘ಶಿರಸ್ತ್ರಾಣ’ದಂಥ ಪದ ದೂರದಿಂದ ಒಂದು ಕಪ್ಪು ಗಂಟಿನಂತೆ ಕಾಣುವುದೂ ಒತ್ತಿನ ಮೇಲಿನ ಒತ್ತಿನಿಂದಲೇ. ನುಡಿಯಲ್ಲಿ ಟೈಪಿಸಿದ್ದನ್ನು ವಿನ್ಯಾಸದ ತಂತ್ರಾಂಶಕ್ಕೆ ತಂದಾಗ ಒತ್ತುಗಳು ಕಳಚಿ ಪಕ್ಕಕ್ಕೆ ಜಾರುವುದುಂಟು. ಅಚ್ಚಿಗೆ ಹೋಗುವ ಮುನ್ನ ಕನ್ನಡ ಓದಬಲ್ಲ ಒಬ್ಬರು ಅಂತಿಮ ಪುಟವನ್ನೇ ನೋಡಬೇಕು, ಕರಡನ್ನಲ್ಲ.

ಸಾಲು ಫಲಿಸಿತೋ ಇಲ್ಲವೋ ಎಂದು ತಿಳಿಯಲು ಚೆನ್ನಾಗಿದೆಯೇ ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಪೋಸ್ಟರ್ ಅಂಟಿಸುವ ವಾರದ ಮೊದಲು ಒಂದು ಬೆಳಿಗ್ಗೆ ಗೇಟಿನ ಬಳಿ ನಿಂತು ಬರಿತಲೆಗಳನ್ನೂ ಪಟ್ಟಿ ಕಟ್ಟದ ಹೆಲ್ಮೆಟ್ಟುಗಳನ್ನೂ ಬೇರೆ ಬೇರೆ ಎಣಿಸಬೇಕು, ಕೆಲವು ವಾರಗಳ ಬಳಿಕ ಅದೇ ಹೊತ್ತಿಗೆ ಮತ್ತೆ ಎಣಿಸಬೇಕು. ಪೋಸ್ಟರ್ ಇಲ್ಲದ ಇನ್ನೊಂದು ಗೇಟಿನಲ್ಲೂ ಅದೇ ಎಣಿಕೆ ನಡೆದಿದ್ದರೆ, ಬದಲಾವಣೆ ತಂದದ್ದು ಸಾಲೋ ಅಥವಾ ಅದೇ ತಿಂಗಳು ಬಿಗಿಯಾದ ಪೊಲೀಸ್ ತಪಾಸಣೆಯೋ ಎಂಬುದು ತಿಳಿಯುತ್ತದೆ. ಬರಿತಲೆ ಕಡಿಮೆಯಾಗಿ ಕಟ್ಟದ ಪಟ್ಟಿ ಹೆಚ್ಚಿದ್ದರೆ, ಅಲ್ಲಿಗೆ ಮುಂದಿನ ಪೋಸ್ಟರ್ ಹಾಲಿನದಲ್ಲ, ಪಟ್ಟಿಯದು.